ಮುಕ್ಕುಂದದಿಂದ ಮುಂಬೈಗೆ ಹತ್ತು ನಿಮಿಷ: ‘ಅಸಾಧ್ಯ ಪ್ರಯಾಣ’ದ ಹುಸಿ ಎಚ್ಚರಿಕೆಗಳು

ಒಂದೇ ಖಾತೆಗೆ ಅಲ್ಪಾವಧಿಯಲ್ಲಿ ಎರಡು ದೂರದ ಊರುಗಳಿಂದ ಪ್ರವೇಶ ನಡೆದರೆ, ಸಂಸ್ಥೆಯ ಗಣಕ ದಾಖಲೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ‘ಸೀಮ್’ ತಂತ್ರಾಂಶವು ‘ಅಸಾಧ್ಯ ಪ್ರಯಾಣ’ ಎಂಬ ಎಚ್ಚರಿಕೆ ನೀಡುತ್ತದೆ. ಖಾತೆ ಕಳ್ಳರ ಕೈಸೇರಿರಬಹುದೆಂಬುದು ಅದರ ಇಂಗಿತ. ಆದರೆ ನಮ್ಮಲ್ಲಿ ಇಂತಹ ಎಚ್ಚರಿಕೆಗಳ ಪೈಕಿ ಬಹುಪಾಲು ಹುಸಿಯಾಗಿರುವುದಕ್ಕೆ ಕಾರಣ ದೂರಸಂಪರ್ಕ ಜಾಲದ ರಚನೆಯಲ್ಲೇ ಇದೆ.

ಉದಾಹರಣೆಗೆ, ಸಿಂಧನೂರು ತಾಲೂಕಿನ ಮುಕ್ಕುಂದದ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ದುಡಿಯುವ ನೌಕರರೊಬ್ಬರನ್ನು ಊಹಿಸಿಕೊಳ್ಳಿ. ಅವರ ಲ್ಯಾಪ್‌ಟಾಪ್ ಬಿಎಸ್‌ಎನ್‌ಎಲ್ ಫೈಬರ್‌ನಲ್ಲಿದೆ. ಐಪಿ ವಿಳಾಸದ ಪಟ್ಟಿ ಅದನ್ನು ಬೆಂಗಳೂರೆಂದು ತೋರಿಸುತ್ತದೆ. ಹತ್ತು ನಿಮಿಷದ ಬಳಿಕ ಅವರು ಜಿಯೋ ಮೊಬೈಲ್‌ನಲ್ಲಿ ಇ-ಮೇಲ್ ತೆರೆಯುತ್ತಾರೆ. ಮೊಬೈಲ್ ದತ್ತಾಂಶವು ಹಳ್ಳಿಯ ಗೋಪುರದಿಂದ ನೇರವಾಗಿ ಅಂತರ್ಜಾಲಕ್ಕೆ ಇಳಿಯುವುದಿಲ್ಲ, ಯಾವುದೋ ಮಹಾನಗರದ ಹೆಬ್ಬಾಗಿಲಿನಿಂದ ಹೊರಬೀಳುತ್ತದೆ. ಹೀಗಾಗಿ ಅದು ಮುಂಬೈ ಎಂದು ದಾಖಲಾಗುತ್ತದೆ. ಸುಮಾರು 840 ಕಿ.ಮೀ. ದೂರ ಹತ್ತು ನಿಮಿಷದಲ್ಲಿ, ಅಂದರೆ ಗಂಟೆಗೆ 5,000 ಕಿ.ಮೀ. ವೇಗ! ನೌಕರರು ಮಾತ್ರ ಕುಳಿತಲ್ಲಿಂದ ಎದ್ದೇ ಇಲ್ಲ.

ಬೇಸತ್ತ ಸಿಬ್ಬಂದಿ ಸಾಮಾನ್ಯವಾಗಿ ಮುಂಬೈಯನ್ನೇ ವಿನಾಯಿತಿ ಪಟ್ಟಿಗೆ ಸೇರಿಸಿಬಿಡುತ್ತಾರೆ. ಇದು ಅಪಾಯಕರ. ಮುಂಬೈಯಲ್ಲಿ ಸರ್ವರ್ ಬಾಡಿಗೆಗೆ ಪಡೆಯುವುದು ಕಳ್ಳನಿಗೆ ಕೆಲವೇ ನಿಮಿಷಗಳ ಕೆಲಸ. ಊರಿನ ಬದಲು ಎರಡು ಸಂಗತಿಗಳನ್ನು ಒಟ್ಟಿಗೆ ಕೇಳಬೇಕು: ಜಾಲ ಯಾರದು, ಸಾಧನ ಪರಿಚಿತವೇ? ಮೈಕ್ರೋಸಾಫ್ಟ್ ಸೆಂಟಿನೆಲ್‌ನಲ್ಲಿ ನಿಯಮದ ತಿರುಳು ಹೀಗಿರಬಹುದು:

```
| extend sev = iff(knownDevice and asn in ("55836","45609","9829"), "Low", "High")
```

ಇಲ್ಲಿರುವ ಸಂಖ್ಯೆಗಳು ಕ್ರಮವಾಗಿ ಜಿಯೋ, ಏರ್‌ಟೆಲ್ ಮೊಬೈಲ್ ಹಾಗೂ ಬಿಎಸ್‌ಎನ್‌ಎಲ್ ಜಾಲಗಳವು. `knownDevice` ಎಂಬುದು ಆ ನೌಕರರ ಹಿಂದಿನ 30 ದಿನಗಳ ದಾಖಲೆಯೊಡನೆ ಹೋಲಿಸಿ ಪಡೆದ ಕಾಲಂ. ಸಾಧನ ನೋಂದಣಿಯಾಗಿದ್ದರೆ ಸಾಕೆನ್ನಲಾಗದು. ಒಳನುಗ್ಗಿದವನು ತನ್ನದೇ ಸಾಧನವನ್ನು ನೋಂದಾಯಿಸಿಕೊಳ್ಳಬಲ್ಲ. ಎರಡೂ ಪ್ರವೇಶಗಳು ಈ ಷರತ್ತನ್ನು ಪೂರೈಸಿದಾಗ ಮಾತ್ರ ತೀವ್ರತೆ ಇಳಿಯಬೇಕು. ಮುಂಬೈಯ ಬಾಡಿಗೆ ಸರ್ವರ್‌ನಿಂದ ಬಂದ ಪ್ರವೇಶಕ್ಕೆ ಜಾಲದ ಸಂಖ್ಯೆ ಹೊಂದದ ಕಾರಣ ಎಚ್ಚರಿಕೆ ಮೊಳಗಿಯೇ ತೀರುತ್ತದೆ.

ಒಂದು ಕಿಂಡಿ ಉಳಿಯುತ್ತದೆ. ಸೋಂಕಿತ ಲ್ಯಾಪ್‌ಟಾಪಿನಿಂದ ಕದ್ದ ಪ್ರವೇಶ ಚೀಟಿ, ಅಂದರೆ ಟೋಕನ್, ಪರಿಚಿತ ಸಾಧನದ ಗುರುತನ್ನೇ ಹೊತ್ತಿರಬಹುದು. ಕಳ್ಳನು ಸ್ಥಳೀಯ ಮೊಬೈಲ್ ಜಾಲದ ಮರೆಯಲ್ಲೂ ಬರಬಹುದು. ಆದುದರಿಂದ ಕೆಳದರ್ಜೆಯ ಎಚ್ಚರಿಕೆಯನ್ನು ಅಳಿಸದೆ, ಮುಂದಿನ ಕೆಲವು ಗಂಟೆಗಳಲ್ಲಿ `New-InboxRule` ಅಥವಾ ಹೊಸ ದೃಢೀಕರಣ ವಿಧಾನದ ಸೇರ್ಪಡೆ ಕಂಡುಬಂದರೆ ಮತ್ತೆ ಮೇಲ್ದರ್ಜೆಗೇರಿಸಬೇಕು. ಟೋಕನ್ ಮರುಬಳಕೆಯು ಬಹುತೇಕ `AADNonInteractiveUserSignInLogs` ಕೋಷ್ಟಕದಲ್ಲಿ ದಾಖಲಾಗುವುದರಿಂದ `SigninLogs` ಒಂದನ್ನೇ ನೋಡುವ ನಿಯಮ ಅರೆಗುರುಡು.

ಜಾರಿಗೆ ಮುನ್ನ ಹೊಸ ನಿಯಮವನ್ನು ಹಳೆಯ ದಾಖಲೆಗಳ ಮೇಲೆ ಓಡಿಸಿ, ಖಚಿತಪಟ್ಟ ಕಳವು ಪ್ರಕರಣಗಳೆಲ್ಲವೂ ‘High’ ಆಗಿಯೇ ಉಳಿದಿವೆಯೇ ಎಂದು ನೋಡಬೇಕು. ಅಂತಹ ಪ್ರಕರಣಗಳಿಲ್ಲದಿದ್ದರೆ ಪರೀಕ್ಷಾ ಖಾತೆಯೊಂದಕ್ಕೆ ಬಾಡಿಗೆ ಸರ್ವರ್‌ನಿಂದ ಪ್ರವೇಶಿಸಿ ಪರೀಕ್ಷಿಸಬಹುದು.