ಮನೋರಮೆ ನಕ್ಕದ್ದು ಎಲ್ಲಿ?

ಮಡಿಕೇರಿಯಲ್ಲಿ ನಮ್ಮ ಮನೆಮಾತು ಅರೆಭಾಷೆ, ಶಾಲೆಯ ಮಾತು ಕನ್ನಡ. ಕಳೆದ ಮಳೆಗಾಲದಲ್ಲಿ ಒಂದು ವಿಚಾರ ಸಂಕಿರಣ ಮುಗಿದ ಮೇಲೆ ಕಾಫಿ ಕುಡಿಯುತ್ತಿದ್ದಾಗ ಸಹ ಸಂಶೋಧಕನೊಬ್ಬ ನನ್ನ ಬಳಿ ಬಂದು, "ನಿಮ್ಮ ಕನ್ನಡ ಎಷ್ಟು ಚೆಂದ! ಕೊಡಗಿನವರು ಅಂತ ಗೊತ್ತೇ ಆಗೋದಿಲ್ಲ" ಎಂದ. ಅವನ ಉದ್ದೇಶ ಹೊಗಳುವುದೇ, ಅದಕ್ಕಿಂತ ಸ್ವಲ್ಪ ಹೆಚ್ಚೂ ಇತ್ತು. ಆದರೆ ಆ ಒಂದು ವಾಕ್ಯ ನನ್ನನ್ನು ಮೇಲಕ್ಕೆತ್ತಲು ನನ್ನೂರನ್ನೇ ಕೆಳಗೆ ತಳ್ಳಿತ್ತು. "ನೀವೂ ಅಷ್ಟೇ, ಮಾತು ಕೇಳಿದರೆ ಪಿಎಚ್‌ಡಿ ಮಾಡ್ತಿದ್ದೀರಿ ಅಂತ ಗೊತ್ತೇ ಆಗೋದಿಲ್ಲ" ಎಂದೆ.

ಆ ಸಂಜೆ ಮನೆಗೆ ಬಂದು ಮುದ್ದಣನ 'ಶ್ರೀರಾಮಾಶ್ವಮೇಧಂ' ತೆರೆದೆ. ಸರಸದ ಮಾತಿನ ಚರಿತ್ರೆಯನ್ನು ಕನ್ನಡದಲ್ಲಿ ಹುಡುಕುವವರು ಎಲ್ಲಿಂದ ಹೊರಟರೂ ಒಮ್ಮೆ ಈ ಪುಸ್ತಕಕ್ಕೆ ಬರಲೇಬೇಕು. ಮುದ್ದಣನೆಂದರೆ ನಂದಳಿಕೆಯ ಲಕ್ಷ್ಮೀನಾರಾಯಣ. ಹುಟ್ಟಿದ್ದು 1870ರಲ್ಲಿ. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಮೂವತ್ತರ ಆಸುಪಾಸು. ಬರೆದದ್ದನ್ನು ತನ್ನದೆಂದು ಹೇಳಿಕೊಳ್ಳದೆ, ಯಾವುದೋ ಹಳೆಯ ಕವಿಯ ಕೃತಿಯೆಂಬಂತೆ ಮೈಸೂರಿಗೆ ಕಳಿಸಿದವನು. ಈ ಬಡ ಮೇಷ್ಟ್ರು ತನ್ನ ಕತೆಯೊಳಗೆ ಅರಮನೆಯಿಂದ ಮನೆಗೆ ಮರಳುವ ಕವಿಯಾಗುತ್ತಾನೆ. ಅಲ್ಲಿಯೂ ಮಳೆಗಾಲವೇ. ಹೊತ್ತು ಕಳೆಯಲು ಒಂದು ಕತೆ ಹೇಳೆಂದು ಹೆಂಡತಿ ಮನೋರಮೆ ಕೇಳುತ್ತಾಳೆ.

ಗಂಡಹೆಂಡಿರ ಸಲ್ಲಾಪ ಎಂದು ನಾವು ಪಠ್ಯದಲ್ಲಿ ಓದಿ ಮರೆತ ಈ ಭಾಗದಲ್ಲಿ, ಯಾವ ಮಾತು ಬಿದ್ದುಹೋಯಿತು, ಯಾವುದು ನಾಟಿತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಪದ್ಯವೋ ಗದ್ಯವೋ ಎಂಬ ಮಾತು ಬಂದಾಗ ಮನೋರಮೆಗೆ ಬೇಕಾದದ್ದು ಗದ್ಯ. ಕವಿ ಒಪ್ಪುತ್ತಾನೆ, ಆದರೆ ಶುರುಮಾಡುವುದು ಉದ್ದುದ್ದ ಸಮಾಸಗಳ ಸಂಸ್ಕೃತದಲ್ಲಿ. ಇದು ಅವಳನ್ನು ಮೆಚ್ಚಿಸಲು ಹೊರಟ ಪಾಂಡಿತ್ಯ. ಅವಳೋ ಅಲ್ಲೇ ತಡೆಯುತ್ತಾಳೆ. ನೀರೂ ಇಳಿಯದ ಗಂಟಲಿಗೆ ಕಡುಬು ತುರುಕಿದ ಹಾಗಾಯಿತು ಎಂಬರ್ಥದ ಮಾತಾಡಿ, ತಿರುಳುಗನ್ನಡದಲ್ಲಿ ಹೇಳು ಎನ್ನುತ್ತಾಳೆ. ಅವಳ ಹಾಸ್ಯ ಅವನ ಆಡಂಬರವನ್ನು ಚುಚ್ಚುತ್ತದೆ, ಅವನನ್ನಲ್ಲ. ಅವನೂ ಮುನಿಸಿಕೊಳ್ಳುವುದಿಲ್ಲ. ಕನ್ನಡದ ನಡುವೆ ಸಂಸ್ಕೃತ ಅಲ್ಲಲ್ಲಿ ಸೇರಿದರೆ ಕರಿಮಣಿ ಸರದಲ್ಲಿ ಹವಳ ಕೋದಂತೆ ಚೆಂದವಲ್ಲವೇ ಎಂದು ನಯವಾಗಿ ವಾದಿಸಿ, ಅವಳಿಗೆ ಹಿತವಾಗುವ ಭಾಷೆಗೆ ಇಳಿಯುತ್ತಾನೆ. ಅವನು ಉಪಮೆಯನ್ನು ತಂದದ್ದು ಹೆಣ್ಣಿನ ಕೊರಳಿನ ಸರದಿಂದ, ಅವಳು ತಂದದ್ದು ಅಡುಗೆಮನೆಯಿಂದ. ಇಬ್ಬರೂ ಒಂದೇ ಮನೆಯ ವಸ್ತುಗಳಿಂದ ಆಟವಾಡುತ್ತಾರೆ.

ಮುಂದೆ ಕತೆಗೆ ಬಹುಮಾನವೇನೆಂಬ ಮಾತು ಬರುತ್ತದೆ. ತನ್ನನ್ನೇ ಒಪ್ಪಿಸುವೆನೆನ್ನುತ್ತಾಳೆ ಮನೋರಮೆ. ದಾಂಪತ್ಯದಲ್ಲಿ ಈಗಾಗಲೇ ಇರುವುದನ್ನೇ ಹೊಸದಾಗಿ ಕೊಡುವಂತೆ ನಟಿಸುವುದೇ ಇಲ್ಲಿನ ನಗು. ಇದೇ ಮಾತನ್ನು ಗಂಡ ಮೊದಲು ಆಡಿ ಕೇಳಿದ್ದರೆ ಅದು ಬೇಡಿಕೆಯಾಗುತ್ತಿತ್ತು. ಅವಳ ಬಾಯಿಂದ ಬಂದದ್ದರಿಂದ ಕೊಡುಗೆಯಾಯಿತು. ಪದ ಅದೇ, ಆಡುವವರು ಬದಲಾದರೆ ಧಾಟಿ ಬದಲಾಗುತ್ತದೆ.

ಇದರ ಪಕ್ಕದಲ್ಲಿ ಕುಮಾರವ್ಯಾಸ ಭಾರತದ ವಿರಾಟಪರ್ವವನ್ನು ಇಟ್ಟು ನೋಡಿ. ಸೈರಂಧ್ರಿಯಾಗಿರುವ ದ್ರೌಪದಿಯನ್ನು ಕೀಚಕನೂ ಹೊಗಳುತ್ತಾನೆ. ಸೌಂದರ್ಯಕ್ಕೆ ಹೊಗಳಿಕೆ ಕಡಿಮೆ ಇಲ್ಲ. ಆದರೆ ಅವಳು ಬೇಡವೆಂದರೂ, ತನ್ನ ಗಂಡಂದಿರು ಗಂಧರ್ವರೆಂದು ಎಚ್ಚರಿಸಿದರೂ ಅವನಿಗೆ ಕೇಳಿಸುವುದಿಲ್ಲ. ರಾಣಿಯ ತಮ್ಮ ದಾಸಿಯೊಬ್ಬಳನ್ನು ಹೊಗಳುವಾಗ ಅವಳಿಗೆ ನಕ್ಕು ತಳ್ಳಿಹಾಕುವ ಸ್ವಾತಂತ್ರ್ಯವೂ ಇಲ್ಲ. ಅಲ್ಲಿ ಹಾಸ್ಯ ಹುಟ್ಟುವುದೇ ಇಲ್ಲ, ಕತೆ ಭೀಮನ ಕೈಯಲ್ಲಿ ಮುಗಿಯುತ್ತದೆ. ಮನೋರಮೆಗೋ ಕತೆಯನ್ನು ನಿಲ್ಲಿಸುವ ಹಕ್ಕಿದೆ, ಅವಳು ನಿಲ್ಲಿಸಿದಾಗ ಕವಿ ನಿಲ್ಲುತ್ತಾನೆ.

ಹೊಗಳಿಕೆಯ ಯೋಗ್ಯತೆ ಅದಕ್ಕೆ ಬಂದ ಉತ್ತರವನ್ನು ಹೊಗಳಿದವನು ಹೇಗೆ ತೆಗೆದುಕೊಂಡ ಎಂಬುದರಲ್ಲಿದೆ ಎಂದು ನನಗನ್ನಿಸಿದ್ದು ಆಗ. ಮುದ್ದಣನ ಮೊದಲ ಪ್ರಯತ್ನವೂ ಸೋತದ್ದೇ ತಾನೆ? ಸೋತಮೇಲೆ ಅವನು ಧಾಟಿ ತಿದ್ದಿಕೊಂಡ.

ಕಾಫಿಯ ಆ ದಿನ ನನ್ನ ಉತ್ತರ ಕೇಳಿದ ಗೆಳೆಯ ಒಂದು ಕ್ಷಣ ಕೆಂಪಾದ. "ತಮಾಷೆಗೆ ಅಂದೆ, ಇಷ್ಟಕ್ಕೆಲ್ಲ ಬೇಜಾರೇ?" ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅವನು ಲೋಟ ಕೆಳಗಿಟ್ಟು, "ನನ್ನ ಗೈಡೂ ಇದನ್ನೇ ಹೇಳ್ತಾರೆ" ಎಂದ. ನಾನು ನಕ್ಕೆ. ಆಮೇಲೆ ಅರೆಭಾಷೆಯಲ್ಲಿ ಮಳೆಗೆ ಏನಂತಾರೆ ಎಂದು ಕೇಳಿದ.