ನಿದ್ದೆ ಬಾರದಿದ್ದರೆ ಸಾಕೆ? ಪ್ರಯಾಣದ ವಾಂತಿಗೆ ನುಂಗುವ ಮಾತ್ರೆ ಮತ್ತು ಮರುದಿನದ ವಾಹನ ಚಾಲನೆ

ಪ್ರಯಾಣದ ವಾಂತಿ, ತಲೆಸುತ್ತುಗಳಿಗೆ ಪ್ರೊಮೆಥಜಿನ್, ಡೈಮೆನ್‌ಹೈಡ್ರಿನೇಟ್‌ಗಳಂಥ ಹಳೆಯ ಆಂಟಿಹಿಸ್ಟಮಿನ್‌ಗಳು ಗುಣಕೊಡುತ್ತವೆ ಮತ್ತು ಮಂಪರನ್ನೂ ತರುತ್ತವೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಚರ್ಚೆಗೆ ಎಡೆಯಿರುವುದು ಮಂಪರು ಇಳಿದಂತೆ ತೋರಿದ ಮೇಲೆ ಸ್ಟೀರಿಂಗ್ ಹಿಡಿಯಬಹುದೇ ಎಂಬಲ್ಲಿ. ನಿದ್ದೆ ಬರುವಂತಿದ್ದರೆ ವಾಹನ ಓಡಿಸಬಾರದೆಂಬ ವಾಡಿಕೆಯ ಎಚ್ಚರಿಕೆಯು ಆ ತೀರ್ಮಾನವನ್ನು ಮಾತ್ರೆ ನುಂಗಿದವರ ಅನುಭವಕ್ಕೇ ಒಪ್ಪಿಸಿಬಿಡುತ್ತದೆ.

ಆ ಅನುಭವ ನಂಬಲರ್ಹವಲ್ಲವೆಂಬುದಕ್ಕೆ ವೈಲರ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಅಯೋವಾದ ಪ್ರಯೋಗ ಆಧಾರ ಒದಗಿಸುತ್ತದೆ. 40 ಮಂದಿಯನ್ನು ಚಾಲನೆಯ ಅನುಕರಣ ಯಂತ್ರದಲ್ಲಿ ಕೂರಿಸಿ ನಡೆಸಿದ ಈ ಪರೀಕ್ಷೆಯಲ್ಲಿ, 50 ಮಿಲಿಗ್ರಾಂ ಡೈಫೆನ್‌ಹೈಡ್ರಮಿನ್ (ಡೈಮೆನ್‌ಹೈಡ್ರಿನೇಟ್‌ನ ಸಕ್ರಿಯ ಭಾಗವೂ ಇದೇ) ಸೇವಿಸಿದವರು ಮುಂದಿನ ಕಾರಿನ ವೇಗಕ್ಕೆ ತಮ್ಮ ವೇಗವನ್ನು ಹೊಂದಿಸಿಕೊಳ್ಳುವಲ್ಲಿ ಮದ್ಯ ಕುಡಿದವರಿಗಿಂತಲೂ ಹಿಂದೆ ಬಿದ್ದರು. ಆದರೆ ಎಷ್ಟು ನಿದ್ದೆ ಬರುತ್ತಿದೆಯೆಂದು ಅವರೇ ಕೊಟ್ಟ ಅಂದಾಜಿನಿಂದ ಚಾಲನೆ ಎಷ್ಟು ಕೆಟ್ಟಿದೆಯೆಂದು ಊಹಿಸಲು ಆಗುತ್ತಿರಲಿಲ್ಲ.

ಇನ್ನು ಗಂಟೆಗಳ ಲೆಕ್ಕ. ಚಾರ್ಮಾಡಿ ಘಾಟಿ ಇಳಿಯಬೇಕಾದವರೊಬ್ಬರು ರಾತ್ರಿ 10ಕ್ಕೆ 25 ಮಿಲಿಗ್ರಾಂ ಪ್ರೊಮೆಥಜಿನ್ ನುಂಗಿ, ಚೆನ್ನಾಗಿ ನಿದ್ರಿಸಿ, ಬೆಳಗ್ಗೆ 6ಕ್ಕೆ ಹೊರಟರೆನ್ನೋಣ. ತಿರುವುಗಳನ್ನು ಮುಂಚಿತವಾಗಿ ಕಾಣುವ ಚಾಲಕನಿಗೆ ವಾಂತಿ ಬರುವುದು ಅಪರೂಪವಾದ್ದರಿಂದ ಮಾತ್ರೆ ಬೇಕಾಗುವುದು ಸಾಮಾನ್ಯವಾಗಿ ಹಿಂದಿನ ಸೀಟಿನವರಿಗೆ. ಅಪಾಯ ತಲೆದೋರುವುದು ಚಾಲಕ ದಣಿದು, ಮಾತ್ರೆ ನುಂಗಿದವರೇ ಸ್ಟೀರಿಂಗ್ ಹಿಡಿದಾಗ. ಪ್ರೊಮೆಥಜಿನ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಸುಮಾರು 10ರಿಂದ 14 ಗಂಟೆ. ಹಾಗಾಗಿ ಹೊರಡುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಔಷಧ ದೇಹದಲ್ಲೇ ಉಳಿದಿರುವ ಸಂಭವವಿದೆ. ರಾತ್ರಿಯೇ ನುಂಗಬೇಕೆಂಬ ಸಲಹೆಯ ಆಧಾರವೇ ಬೆಳಗಿನವರೆಗೂ ಉಳಿಯುವ ಈ ಗುಣ. ವಾಂತಿ ತಡೆಯುವಷ್ಟು ಔಷಧ ಮಿದುಳಿನಲ್ಲಿದೆ, ಎಚ್ಚರವನ್ನು ಕುಗ್ಗಿಸುವಷ್ಟು ಮಾತ್ರ ಇಲ್ಲ ಎಂದು ಭಾವಿಸಲು ಕಾರಣ ಕಾಣದು. ಮಿದುಳನ್ನು ಅಷ್ಟಾಗಿ ಹೊಗದ ಫೆಕ್ಸೊಫೆನಡಿನ್ ಎಂಬ ಆಂಟಿಹಿಸ್ಟಮಿನ್ ಮಂಪರನ್ನೂ ತರುವುದಿಲ್ಲ, ಪ್ರಯಾಣದ ವಾಂತಿಯನ್ನೂ ತಡೆಯುವುದಿಲ್ಲ.

ಈ ವಾದಕ್ಕೆ ಮಿತಿಗಳಿವೆ. ವಾಂತಿ ನಿಲ್ಲುವುದರಲ್ಲಿ ಹಿಸ್ಟಮಿನ್ ಗ್ರಾಹಕಗಳ (ಹಿಸ್ಟಮಿನ್ ಬಂದು ಅಂಟುವ ತಾಣಗಳ) ತಡೆಯಷ್ಟೇ ಅಲ್ಲದೆ ಅಸಿಟೈಲ್‌ಕೋಲಿನ್ ಎಂಬ ನರವಾಹಕದ ತಡೆಗೂ ಪಾಲಿರುವುದರಿಂದ, ಎರಡು ಪರಿಣಾಮಗಳೂ ಒಂದೇ ಗಡಿಯಾರಕ್ಕೆ ಕಟ್ಟುಬಿದ್ದಿವೆಯೆಂದು ಖಚಿತವಾಗಿ ಹೇಳಲಾಗದು. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಸಂಶೋಧಕರು ರಾತ್ರಿ ಕೊಟ್ಟ 50 ಮಿಲಿಗ್ರಾಂ ಡೈಫೆನ್‌ಹೈಡ್ರಮಿನ್ 12 ಗಂಟೆಗಳ ನಂತರವೂ ಮಿದುಳಿನ ಸುಮಾರು 45% ಹಿಸ್ಟಮಿನ್ ಗ್ರಾಹಕಗಳನ್ನು ಹಿಡಿದಿತ್ತೆಂದು ತೋರಿಸಿದರೂ, ಅದು ಔಷಧದ ಇರವಿಗೆ ಸಾಕ್ಷಿಯೇ ಹೊರತು ಚಾಲನೆಯ ಅಳತೆಯಲ್ಲ. ಪ್ರೊಮೆಥಜಿನ್‌ಗೆ ಆ ಸಂಖ್ಯೆಯನ್ನು ಹಾಗೆಯೇ ಅನ್ವಯಿಸುವುದೂ ಸಲ್ಲದು. ಆದುದರಿಂದ ಇಷ್ಟನ್ನು ಮಾತ್ರ ಪ್ರತಿಪಾದಿಸಬಹುದು: ರಾತ್ರಿ ಈ ಮಾತ್ರೆ ನುಂಗಿದವರು ಮರುದಿನ ಬೆಳಗ್ಗೆ ಪ್ರಯಾಣಿಕರಾಗಿಯೇ ಉಳಿಯುವುದು ಲೇಸು, ನಿದ್ದೆ ಬಾರದಿರುವುದನ್ನು ಇದಕ್ಕೆ ವಿನಾಯಿತಿಯೆಂದು ಎಣಿಸಲಾಗದು. ಎಷ್ಟು ಗಂಟೆ ಕಳೆದರೆ ಸಾಕೆಂಬುದನ್ನು, ಕಾರು ತನ್ನ ಪಥದಲ್ಲಿ ಎಷ್ಟು ಸೆಂಟಿಮೀಟರ್ ಅತ್ತಿತ್ತ ಓಲಾಡುತ್ತದೆಂದು ಹೆದ್ದಾರಿಯಲ್ಲೇ ಅಳೆಯುವ ನೆದರ್‌ಲ್ಯಾಂಡ್ಸ್‌ನ ವಿಧಾನದಿಂದ, ಒಂದೊಂದು ಔಷಧಕ್ಕೂ ಪ್ರಮಾಣಕ್ಕೂ ಬೇರೆಬೇರೆಯಾಗಿ ನಿರ್ಧರಿಸಬೇಕಾಗುತ್ತದೆ.