ಅನುಮೋದನೆ ಕೋರುವ ಮಿಂಚಂಚೆ

ಒಂದು ಕಾರ್ಯವನ್ನು ಕೈಗೊಳ್ಳುವ ಮುನ್ನ ಅದಕ್ಕೆ ಒಪ್ಪಿಗೆ ನೀಡುವ ಅಧಿಕಾರವುಳ್ಳ ಹಿರಿಯರಿಗೆ, ತನ್ನ ಶಿಫಾರಸು, ಉಳಿದ ಮಾರ್ಗಗಳು ಮತ್ತು ತಗಲುವ ವೆಚ್ಚ ಇವು ಮೂರನ್ನೂ ಒಂದೇ ಕಿರುಪತ್ರದಲ್ಲಿ ಅಡಕಗೊಳಿಸಿ ಕಿರಿಯ ಉದ್ಯೋಗಿಯು ಕಳುಹಿಸುವ ಮಿಂಚಂಚೆ. ಕಚೇರಿಯ ಕಡತದಲ್ಲಿ ಬರೆದು ಮೇಲಕ್ಕೆ ಮಂಡಿಸುವ ಟಿಪ್ಪಣಿಗೆ ಇದು ಸಮೀಪದ ಬಂಧು. ಆದರೆ ಟಿಪ್ಪಣಿಯು ಪೂರ್ವವೃತ್ತಾಂತದಿಂದ ಆರಂಭವಾಗಿ ಕೋರಿಕೆಯಲ್ಲಿ ಮುಗಿಯುವುದು ವಾಡಿಕೆ. ಮಿಂಚಂಚೆಯಲ್ಲಿ ಕೋರಿಕೆಯೇ ಮೊದಲಿಗೆ ಬರತಕ್ಕದ್ದು. ಓದುವವರು ಎರಡು ಸಭೆಗಳ ನಡುವೆ, ಅನೇಕ ವೇಳೆ ದೂರವಾಣಿಯ ಕಿರುತೆರೆಯ ಮೇಲೆ ಓದುವರಾದ್ದರಿಂದ, ತೆರೆಯನ್ನು ಸರಿಸುವ ಮೊದಲೇ ಕಾಣುವ ನಾಲ್ಕಾರು ಸಾಲುಗಳಲ್ಲಿ ಕೋರಿಕೆಯಿರದಿದ್ದರೆ ಪತ್ರವು ‘ಆಮೇಲೆ ನೋಡೋಣ’ ಎಂಬ ರಾಶಿಗೆ ಸೇರುತ್ತದೆ.

ಇದರ ಸ್ವರೂಪವನ್ನು ಒಂದು ಕಲ್ಪಿತ ನಿದರ್ಶನದಿಂದ ತಿಳಿಯಬಹುದು. ಖಾಸಗಿ ಕಾಲೇಜೊಂದರ ಗಣಕ ಪ್ರಯೋಗಾಲಯದ ಯುಪಿಎಸ್‌ನಲ್ಲಿ 16 ಬ್ಯಾಟರಿಗಳಿದ್ದು, ಅವುಗಳಲ್ಲಿ ಆರು ಕೆಟ್ಟಿವೆ. ಪರೀಕ್ಷೆಗಳು ಮುಂದಿನ ತಿಂಗಳ 1ರಂದು ಆರಂಭವಾಗುವುವು. ಪ್ರಯೋಗಾಲಯದ ಮೇಲ್ವಿಚಾರಕರು ಪ್ರಾಂಶುಪಾಲರಿಗೆ ಹೀಗೆ ಬರೆಯುತ್ತಾರೆ:

ವಿಷಯ: ಅನುಮೋದನೆಗಾಗಿ – ಪ್ರಯೋಗಾಲಯದ ಯುಪಿಎಸ್‌ಗೆ 16 ಬ್ಯಾಟರಿ, ರೂ. 1,20,000, ಇದೇ 18ರೊಳಗೆ

ಮಾನ್ಯರೇ,
ಯುಪಿಎಸ್‌ನ 16 ಬ್ಯಾಟರಿಗಳನ್ನೂ ಒಟ್ಟಿಗೆ ಬದಲಿಸಲು ರೂ. 1,20,000ಕ್ಕೆ ತಮ್ಮ ಅನುಮೋದನೆ ಕೋರುತ್ತೇನೆ. ಕರೆಂಟು ಹೋದರೆ ಒಂದು ಗಂಟೆ ನಡೆಯುತ್ತಿದ್ದ ಗಣಕಗಳು ಈಗ 12 ನಿಮಿಷದಲ್ಲಿ ನಿಲ್ಲುತ್ತಿವೆ.
ಮಾರ್ಗ 1 (ನನ್ನ ಶಿಫಾರಸು): ಎಲ್ಲ 16 – ಹಳೆಯವನ್ನು ಹಿಂದಿರುಗಿಸಿದ ಮೇಲೆ, ತೆರಿಗೆ ಸೇರಿ ರೂ. 1,20,000.
ಮಾರ್ಗ 2: ಕೆಟ್ಟ ಆರು ಮಾತ್ರ – ಈಗ ರೂ. 45,000, ಉಳಿದ ಹತ್ತಕ್ಕೆ ವರ್ಷದೊಳಗೆ ರೂ. 75,000.
ಮಾರ್ಗ 3: ಪರೀಕ್ಷೆ ಮುಗಿಯುವವರೆಗೆ ಜನರೇಟರ್ ಬಾಡಿಗೆ – ರೂ. 30,000, ಬ್ಯಾಟರಿಯ ಖರ್ಚು ಹಾಗೆಯೇ ಉಳಿಯುತ್ತದೆ.
ಹಣ ಪ್ರಯೋಗಾಲಯ ನಿರ್ವಹಣೆಯ ಬಾಬಿನಲ್ಲಿದೆ. ದರಪಟ್ಟಿ 20ರವರೆಗೆ ಊರ್ಜಿತ. ‘ಮಾರ್ಗ 1 ಒಪ್ಪಿದೆ’ ಎಂದು ಉತ್ತರಿಸಿದರೆ ಖರೀದಿ ಆದೇಶ ಕಳುಹಿಸುತ್ತೇನೆ. ಮೂರು ದರಪಟ್ಟಿಗಳನ್ನು ಲಗತ್ತಿಸಿದೆ.

ಈ ಪತ್ರದ ಜೀವಾಳವಿರುವುದು ಎರಡನೆಯ ಮಾರ್ಗದಲ್ಲಿ. ಹಿರಿಯರ ಮನಸ್ಸು ಸಹಜವಾಗಿಯೇ ಕಡಿಮೆ ಮೊತ್ತದ ಕಡೆಗೆ ವಾಲುವುದರಿಂದ, ಅದನ್ನು ಮರೆಮಾಡಿದರೆ ‘ಕೆಟ್ಟವನ್ನಷ್ಟೇ ಬದಲಿಸಿದರೆ ಸಾಲದೆ?’ ಎಂಬ ಪ್ರಶ್ನೆ ಹಿಂದಿರುಗಿ ಬಂದು ಎರಡು ದಿನಗಳು ಕಳೆಯುತ್ತವೆ. ಅದನ್ನು ತಾವೇ ಮುಂದಿಟ್ಟು, 45,000ಕ್ಕೆ ಮುಂದೆ ಬರಲಿರುವ 75,000ವನ್ನು ಕೂಡಿಸಿ ತೋರಿಸಿದಾಗ, ಎರಡೂ ಮಾರ್ಗಗಳ ವೆಚ್ಚ ಸಮವೆಂಬುದು ಕಣ್ಣಿಗೆ ಕಟ್ಟುತ್ತದೆ. ಇದಲ್ಲದೆ ಒಂದೇ ಸರಣಿಯಲ್ಲಿ ಹಳೆಯ ಬ್ಯಾಟರಿಗಳೊಡನೆ ಸೇರಿದ ಹೊಸವು ಬೇಗನೆ ಸವೆಯುವುವೆಂಬ ಮಾತನ್ನು, ಕೇಳಿದರೆ ಹೇಳಲು, ಬರೆಯುವವರು ಸಿದ್ಧವಾಗಿಟ್ಟುಕೊಂಡಿರಬೇಕು. ತಮ್ಮ ಶಿಫಾರಸು ಗೆಲ್ಲಲೆಂದು ಯಾರೂ ಒಪ್ಪಲಾರದ ಮಾರ್ಗಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸುವುದು ಈ ಬಗೆಯ ಪತ್ರಗಳಲ್ಲಿ ಬಲು ಸಾಮಾನ್ಯವಾದ ದೋಷ. ಅನುಭವಿಗಳಾದ ಹಿರಿಯರು ಇದನ್ನು ಒಡನೆಯೇ ಗುರುತಿಸುತ್ತಾರೆ. ಆ ಬಳಿಕ ಅದೇ ವ್ಯಕ್ತಿಯ ನಿಜವಾದ ಲೆಕ್ಕವೂ ಸಂದೇಹಕ್ಕೆ ಒಳಗಾಗುತ್ತದೆ.

ವೆಚ್ಚವೆಂದರೆ ಅಂಗಡಿಯವನು ಹೇಳಿದ ಬೆಲೆಯಲ್ಲ, ಸಂಸ್ಥೆಯ ಖಾತೆಯಿಂದ ಹೊರಡುವ ಒಟ್ಟು ಹಣ. ತೆರಿಗೆ, ಸಾಗಾಟ, ಜೋಡಣೆಯ ಕೂಲಿ ಇವುಗಳನ್ನು ಬಿಟ್ಟು ಬರೆದ ಮೊತ್ತಕ್ಕೆ ಒಪ್ಪಿಗೆ ಪಡೆದವರು, ಬಿಲ್ಲು ಬಂದಾಗ ಎರಡನೆಯ ಬಾರಿ ಕೈಚಾಚಬೇಕಾದೀತು.

ಸಂಕ್ಷೇಪದ ಆಗ್ರಹವು ಮಿಂಚಂಚೆಗಿಂತ ಹಳೆಯದು. ಬ್ರಿಟನ್ನಿನ ಪ್ರಧಾನಿ ಚರ್ಚಿಲ್, ಯುದ್ಧದ ನಡುವೆ, 1940ರ ಆಗಸ್ಟ್ 9ರಂದು ಸಹೋದ್ಯೋಗಿಗಳಿಗೆ ಕಳುಹಿಸಿದ ಸೂಚನೆಯಲ್ಲಿ, ಮುಖ್ಯಾಂಶಗಳನ್ನು ಚಿಕ್ಕ ಕಂಡಿಕೆಗಳಲ್ಲಿ ಹೇಳಿ ವಿವರವಾದ ವಿಶ್ಲೇಷಣೆಯನ್ನೂ ಅಂಕಿಅಂಶಗಳನ್ನೂ ಅನುಬಂಧಕ್ಕೆ ಸೇರಿಸಬೇಕೆಂದು ಕೋರಿದರು. ಮೇಲಿನ ಪತ್ರದಲ್ಲಿ ದರಪಟ್ಟಿಗಳು ಲಗತ್ತಾಗಿ ಹೋಗಿರುವುದೂ ಅದೇ ರೀತಿಯಲ್ಲಿ.

ಈ ಪತ್ರಕ್ಕೆ ಮಿತಿಗಳೂ ಉಂಟು. ಕರ್ನಾಟಕದ ಸರ್ಕಾರಿ ಸಂಸ್ಥೆಗಳ ಖರೀದಿಯು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಟ್ಟಿರುವುದರಿಂದ, ಟೆಂಡರು ಅಗತ್ಯವಿರುವಲ್ಲಿ ಮೇಲಧಿಕಾರಿಯ ಒಂದು ಮಿಂಚಂಚೆಯು ಅದರ ಸ್ಥಾನವನ್ನು ತುಂಬಲಾರದು. ಖಾಸಗಿ ಸಂಸ್ಥೆಯಲ್ಲಿಯೂ ಕೇಳಿದ ಮೊತ್ತವು ಆ ಹಿರಿಯರ ಅಧಿಕಾರದ ಮಿತಿಯೊಳಗಿರಬೇಕು. ಮೀರಿದ್ದರೆ, ಅವರು ಆಡಳಿತ ಮಂಡಳಿಗೆ ಹಾಗೆಯೇ ರವಾನಿಸಲು ಅನುಕೂಲವಾಗುವಂತೆ ಪತ್ರವನ್ನು ಬರೆಯತಕ್ಕದ್ದು. ‘ನೋಡಿದೆ’, ‘ಸರಿ, ಮಾತನಾಡೋಣ’ ಎಂಬ ಉತ್ತರಗಳನ್ನು ಒಪ್ಪಿಗೆಯೆಂದು ಭಾವಿಸಬಾರದು. 18 ಕಳೆದರೂ ಉತ್ತರ ಬಾರದಿದ್ದರೆ ಮೇಲ್ವಿಚಾರಕರು ಮಾಡಬೇಕಾದುದು 19ರ ಬೆಳಗ್ಗೆ ಪ್ರಾಂಶುಪಾಲರ ಕೊಠಡಿಗೆ ಹೋಗಿ ಕೇಳುವುದು, ಅಲ್ಲಿ ದೊರೆತ ಮಾತನ್ನು ಅದೇ ಮಿಂಚಂಚೆಯ ಕೆಳಗೆ ಬರೆದು ಮರಳಿ ಅವರಿಗೇ ಕಳುಹಿಸಿ ದೃಢಪಡಿಸಿಕೊಳ್ಳುವುದು; ಮೌನವನ್ನು ನಂಬಿ ಖರೀದಿ ಆದೇಶ ಕಳುಹಿಸಿದರೆ ಆ 1,20,000ಕ್ಕೆ ಮೇಲ್ವಿಚಾರಕರೇ ಹೊಣೆ.